ಲಾಭ ಹೆಚ್ಚಿದರೂ ಷೇರಿನ ಬೆಲೆ ಇಳಿಯುವುದೇಕೆ?
ಹೊಸದಾಗಿ ಷೇರಿನಲ್ಲಿ ಹಣ ತೊಡಗಿಸುತ್ತಿರುವ ಸದಸ್ಯರಿಗಾಗಿ ಪ್ರಶ್ನೋತ್ತರ



ಅಡಿಕೆ, ಕಾಫಿ ತಂದು ಕೊಡುವ ಸದಸ್ಯರು ಧಾರಣೆಯ ಮಾತು ಮುಗಿದ ಮೇಲೆ ಕಛೇರಿಯ ಜಗಲಿಯಲ್ಲಿ ಷೇರು ಪೇಟೆಯ ಮಾತು ಎತ್ತುವುದು ಈಚೆಗೆ ರೂಢಿಯಾಗಿದೆ. ಹಿಂದೆ ಉಳಿತಾಯವೆಂದರೆ ನಮ್ಮಲ್ಲಿಡುವ ಠೇವಣಿ, ಸ್ವಲ್ಪ ಬಂಗಾರ, ಸಾಧ್ಯವಾದರೆ ಪಕ್ಕದ ಒಂದೆಕರೆ ಜಾಗ. ಈಗ ಮನೆಯ ಹುಡುಗರು ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ ತೆರೆದು ಕೊಡುತ್ತಾರೆ. ಹೀಗೆ ಆರಂಭಿಸಿದ ಸದಸ್ಯರೊಬ್ಬರು ಕರಿಮೆಣಸು ಮಾರಿದ ಹಣದಲ್ಲಿ ಒಂದು ಕಂಪೆನಿಯ ಷೇರು ಕೊಂಡರು. ಕೊಂಡದ್ದು ಆ ಕಂಪೆನಿಯ ಲಾಭ ಹೆಚ್ಚಿದೆಯೆಂಬ ಸುದ್ದಿ ಪತ್ರಿಕೆಯಲ್ಲಿ ಬರುವ ಹಿಂದಿನ ವಾರ. ಸುದ್ದಿ ಅವರು ಎಣಿಸಿದಂತೆಯೇ ಬಂತು, ಬೆಲೆ ಮಾತ್ರ ಅದೇ ದಿನ ಕುಸಿಯಿತು. "ಲಾಭವಾದರೆ ಇಳಿಯುತ್ತದೆ, ನಷ್ಟವಾದರೆ ಏರುತ್ತದೆಯೇ? ಇದೇನು ಜೂಜೇ?" ಎಂದು ಅವರು ಬೇಸರದಿಂದ ಕೇಳಿದರು. ಅದೇ ದಿನ ಜಗಲಿಯಲ್ಲಿ ಹುಟ್ಟಿದ ಪ್ರಶ್ನೆಗಳನ್ನೂ, ಆಮೇಲೆ ಬಂದ ಪತ್ರಗಳಲ್ಲಿನ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಯಾವ ಷೇರು ಕೊಳ್ಳಬೇಕೆಂಬ ಸಲಹೆ ಇದರಲ್ಲಿಲ್ಲ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಷೇರೂ ಷೇರೇ ಅಲ್ಲವೇ? ಅದರ ಬೆಲೆ ಎಂದೂ ಇಳಿದದ್ದಿಲ್ಲ. ಕಂಪೆನಿಯ ಷೇರು ಮಾತ್ರ ಏಕೆ ಇಳಿಯಬೇಕು?

ಉತ್ತರ: ಸಂಘದ ಷೇರಿಗೆ ಮುಖಬೆಲೆಯೇ ಬೆಲೆ. ನೂರು ರೂಪಾಯಿಯ ಷೇರನ್ನು ನೂರಕ್ಕೇ ಪಡೆಯುತ್ತೀರಿ, ಸದಸ್ಯತ್ವ ಬಿಡುವಾಗ ಅಷ್ಟನ್ನೇ ಹಿಂದಕ್ಕೆ ಪಡೆಯುತ್ತೀರಿ. ಸಂಘಕ್ಕೆ ಲಾಭವಾದರೆ ನಿಮಗೆ ಡಿವಿಡೆಂಡ್ ಬರುತ್ತದೆ, ಆದರೆ ಷೇರಿನ ಬೆಲೆ ಅಲುಗುವುದಿಲ್ಲ. ನಮ್ಮ ಸದಸ್ಯರಿಗೆ ಈ ಷೇರು ಚಿರಪರಿಚಿತ. ಆದುದರಿಂದಲೇ ಲಾಭವೆಂದರೆ ಒಳ್ಳೆಯದು, ಒಳ್ಳೆಯದಾದ ಮೇಲೆ ಬೆಲೆ ಇಳಿಯಲಾರದು ಎಂಬ ಎಣಿಕೆ ಮನಸ್ಸಿನಲ್ಲಿ ಕುಳಿತಿದೆ.

ಕಂಪೆನಿಯ ಷೇರಿಗೆ ಮುಖಬೆಲೆ ಕಾಗದದ ಮೇಲೆ ಮಾತ್ರ. ಪೇಟೆಯಲ್ಲಿ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮಾರಾಟವಾಗುತ್ತದೆ. ಕೊಳ್ಳುವವನು ಕಂಪೆನಿಯ ಹೋದ ವರ್ಷದ ಲಾಭಕ್ಕೆ ಬೆಲೆ ಕೊಡುವುದಿಲ್ಲ, ಅದು ಬಂದು ಹೋಗಿದೆ. ಮುಂದೆ ಬರಲಿರುವ ವರ್ಷಗಳ ಲಾಭದಲ್ಲಿ ತನ್ನ ಪಾಲು ಎಷ್ಟಾದೀತೆಂದು ಅಂದಾಜು ಮಾಡಿ ಅದಕ್ಕೆ ಬೆಲೆ ಕೊಡುತ್ತಾನೆ. ತೋಟ ಕೊಳ್ಳುವವನೂ ಹೀಗೆಯೇ. ಹೋದ ವರ್ಷ ಎಷ್ಟು ಕೊಯಿಲಾಯಿತೆಂದು ಒಂದು ಮಾತು ಕೇಳುತ್ತಾನೆ, ಆಮೇಲೆ ಮರಗಳ ಹಿಂಗಾರ, ಸೋಗೆಯ ಬಣ್ಣ, ನೀರಿನ ಆಸರೆ ನೋಡುವುದರಲ್ಲೇ ಅರ್ಧ ದಿನ ಕಳೆಯುತ್ತಾನೆ.

ಪ್ರಶ್ನೆ: ಸರಿ, ಆದರೂ ಹೋದ ವರ್ಷಕ್ಕಿಂತ ಲಾಭ ಹೆಚ್ಚೇ ಬಂದಿರುವಾಗ ಬೆಲೆ ಏರದಿದ್ದರೂ ಇದ್ದಲ್ಲೇ ಇರಬಹುದಿತ್ತಲ್ಲ?

ಉತ್ತರ: ಇದಕ್ಕೆ ಚೇಣಿಯ ಲೆಕ್ಕಕ್ಕಿಂತ ಒಳ್ಳೆಯ ಉತ್ತರ ನಮಗೆ ತೋಚುವುದಿಲ್ಲ. ಒಂದು ತೋಟದಲ್ಲಿ ಹೋದ ವರ್ಷ 75 ಕ್ವಿಂಟಾಲ್ ಹಸಿ ಅಡಿಕೆ ಆಗಿತ್ತೆನ್ನಿ. ಈ ವರ್ಷ ಗೊನೆಗಳನ್ನು ಕಂಡ ಚೇಣಿದಾರರು ಪೈಪೋಟಿಗೆ ಬಿದ್ದರು. ಒಬ್ಬನು ನೂರು ಕ್ವಿಂಟಾಲ್ ಆಗಿಯೇ ಆಗುತ್ತದೆಂದು ಎಣಿಸಿ, ಅದಕ್ಕೆ ತಕ್ಕ ಇಡಿಗಂಟು ಮೊತ್ತಕ್ಕೆ ತೋಟ ಹಿಡಿದನು. ಕೊಯಿಲಾದಾಗ ಬಂದದ್ದು 90 ಕ್ವಿಂಟಾಲ್. ತೋಟದ ಯಜಮಾನರ ಬಾಯಲ್ಲಿ ಇದು ಒಳ್ಳೆಯ ಫಸಲು, ಹೋದ ವರ್ಷಕ್ಕಿಂತ ಹದಿನೈದು ಕ್ವಿಂಟಾಲ್ ಹೆಚ್ಚು. ಚೇಣಿದಾರನಿಗೆ ಮಾತ್ರ ಹತ್ತು ಕ್ವಿಂಟಾಲ್ ಕಡಿಮೆ. ಫಸಲು ಒಂದೇ, ಇಬ್ಬರೂ ಹೇಳುವುದು ಸತ್ಯವೇ.

ಪತ್ರಿಕೆಯವರು ಬರೆಯುವುದು ಯಜಮಾನರ ಲೆಕ್ಕ: "ಕಳೆದ ವರ್ಷಕ್ಕಿಂತ ಲಾಭ ಶೇಕಡಾ ಇಷ್ಟು ಹೆಚ್ಚಳ." ಪೇಟೆಯ ಬೆಲೆ ನಡೆಯುವುದು ಚೇಣಿದಾರನ ಲೆಕ್ಕದಲ್ಲಿ. ಫಲಿತಾಂಶ ಬರುವ ಮೊದಲೇ ನೂರಕ್ಕೆ ಬೆಲೆ ಕಟ್ಟಿ ಆಗಿರುತ್ತದೆ. ತೊಂಬತ್ತು ಬಂದರೆ ಬೆಲೆ ಇಳಿಯುವುದು, ಎಪ್ಪತ್ತು ಬಂದೀತೆಂದು ಹೆದರಿದ್ದಾಗ ಎಂಬತ್ತು ಬಂದರೆ ಏರುವುದು. ನಷ್ಟ ತೋರಿಸಿದ ಕಂಪೆನಿಯ ಷೇರು ಒಮ್ಮೊಮ್ಮೆ ಏರುವುದೂ ಇದೇ ಕಾರಣದಿಂದ.

ಪ್ರಶ್ನೆ: ಇದು ಉಪಮೆಯಾಯಿತು. ನಿಜವಾಗಿ ದೊಡ್ಡ, ಪ್ರಾಮಾಣಿಕ ಕಂಪೆನಿಯಲ್ಲಿ ಹೀಗಾದದ್ದುಂಟೇ?

ಉತ್ತರ: ಉಂಟು, ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. 2003ರ ಏಪ್ರಿಲ್ 10, ಗುರುವಾರ. ಇನ್ಫೋಸಿಸ್ ಕಂಪೆನಿ ಮಾರ್ಚ್ ಅಂತ್ಯಕ್ಕೆ ಮುಗಿದ ವರ್ಷದ ಲೆಕ್ಕ ಪ್ರಕಟಿಸಿತು. ವರಮಾನ ಸುಮಾರು 2,604 ಕೋಟಿ ರೂಪಾಯಿಯಿಂದ ಸುಮಾರು 3,623 ಕೋಟಿಗೆ ಏರಿತ್ತು. ನಿವ್ವಳ ಲಾಭ ಸುಮಾರು 808 ಕೋಟಿಯಿಂದ 958 ಕೋಟಿಗೆ, ಅಂದರೆ ಶೇಕಡಾ 18ಕ್ಕೂ ಮೀರಿ ಹೆಚ್ಚಿತ್ತು. ಲೆಕ್ಕದಲ್ಲಿ ಮೋಸವಿಲ್ಲ, ಸಾಲದ ಹೊರೆಯಿಲ್ಲ. ಆದರೂ ಅದೇ ಒಂದು ದಿನದಲ್ಲಿ ನಾಲ್ಕು ಸಾವಿರ ರೂಪಾಯಿ ಮೀರಿದ್ದ ಷೇರು ಮೂರು ಸಾವಿರದ ಆಸುಪಾಸಿಗೆ ಬಂತು. ಕಾಲು ಭಾಗಕ್ಕೂ ಹೆಚ್ಚು ಬೆಲೆ ಹೊತ್ತು ಮುಳುಗುವುದರೊಳಗೆ ಕರಗಿತು, ಜೊತೆಗೆ ಬೇರೆ ಸಾಫ್ಟ್‌ವೇರ್ ಕಂಪೆನಿಗಳ ಷೇರುಗಳನ್ನೂ ಎಳೆದುಕೊಂಡು ಬಿತ್ತು. (ಈಗ ಮೊಬೈಲಿನಲ್ಲಿ ಹಳೆಯ ನಕ್ಷೆ ತೆಗೆದು ನೋಡುವವರಿಗೆ ನಾಲ್ಕು ಸಾವಿರದ ಅಂಕಿ ಕಾಣುವುದಿಲ್ಲ. ಆಮೇಲೆ ಕೊಟ್ಟ ಬೋನಸ್ ಷೇರುಗಳಿಗೆ ಸರಿಹೊಂದಿಸಿ ಹಳೆಯ ಬೆಲೆಗಳನ್ನು ಕಿರಿದು ಮಾಡಿ ತೋರಿಸುತ್ತಾರೆ.)

ಕಾರಣವೇನೆಂದರೆ, ಕಂಪೆನಿ ಅದೇ ದಿನ ಮುಂದಿನ ವರ್ಷದ ತನ್ನ ಅಂದಾಜನ್ನೂ ಹೇಳಿತು. ಷೇರೊಂದರ ಗಳಿಕೆ ಮುಂದಿನ ವರ್ಷ ಶೇಕಡಾ ಹತ್ತರಿಂದ ಹದಿನೈದರೊಳಗೆ ಮಾತ್ರ ಬೆಳೆಯಬಹುದೆಂಬುದು ಅದರ ಸಾರ. ಹೊರಗಿನವರಿಗೆ ಇದೇನು ಕೆಟ್ಟ ಸುದ್ದಿ ಎನಿಸಬಹುದು. ಹಿಂದಿನ ವರ್ಷಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. 2000-01ರಲ್ಲಿ ಲಾಭ ಎರಡು ಪಟ್ಟಿಗೂ ಮೀರಿ ಬೆಳೆದಿತ್ತು, ಮರುವರ್ಷ ಶೇಕಡಾ 28ರಷ್ಟು, ಅದರ ಮರುವರ್ಷ 18ರಷ್ಟು. ಈಗ ಅದಕ್ಕೂ ಕಡಿಮೆ ಎಂದು ಕಂಪೆನಿಯೇ ಹೇಳಿತು. ಪೇಟೆ ಕಟ್ಟಿದ್ದ ಬೆಲೆ ಇನ್ನೂ ವೇಗದ ಬೆಳವಣಿಗೆಯನ್ನು ನಂಬಿ ಕಟ್ಟಿದ್ದಾಗಿತ್ತು. ಕೊಯಿಲು ಚೆನ್ನಾಗಿಯೇ ಆಗಿತ್ತು, ಹಿಂಗಾರ ಮಾತ್ರ ತೆಳುವಾಗಿ ಕಂಡಿತು.

ಪ್ರಶ್ನೆ: ಬೆಳವಣಿಗೆ ಕಡಿಮೆಯಾದೀತು ಎಂದರೂ ಅದು ಬೆಳವಣಿಗೆಯೇ. ಗಳಿಕೆ ಇಳಿಯಲಿಲ್ಲವಲ್ಲ? ಬೆಲೆ ಕಾಲು ಭಾಗ ಇಳಿಯುವ ಲೆಕ್ಕ ಹೇಗೆ?

ಉತ್ತರ: ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ. ಷೇರಿನ ಬೆಲೆಯೆಂದರೆ ಎರಡು ಅಂಕಿಗಳ ಗುಣಾಕಾರ. ಮೊದಲನೆಯದು ಒಂದು ಷೇರಿನ ಪಾಲಿಗೆ ಬರುವ ವರ್ಷದ ಲಾಭ. ಎರಡನೆಯದು ಆ ಲಾಭದ ಪ್ರತಿಯೊಂದು ರೂಪಾಯಿಗೆ ಪೇಟೆಯವರು ಎಷ್ಟು ರೂಪಾಯಿ ಕೊಡಲು ಸಿದ್ಧರಿದ್ದಾರೆ ಎಂಬುದು. ಈ ಎರಡನೆಯದನ್ನು ಪೇಟೆಯವರು ಪಿ.ಇ. ಎನ್ನುತ್ತಾರೆ.

ಆ ವರ್ಷ ಇನ್ಫೋಸಿಸ್‌ನ ಒಂದು ಷೇರಿನ ಪಾಲಿಗೆ ಬಂದ ಲಾಭ ಸುಮಾರು 145 ರೂಪಾಯಿ. ಬೆಲೆಯನ್ನು ನಾಲ್ಕು ಸಾವಿರದ ಮೇಲೆ ಸ್ವಲ್ಪ ಎಂದು ಹಿಡಿದರೆ, ಒಂದು ರೂಪಾಯಿ ಲಾಭಕ್ಕೆ ಸುಮಾರು 28 ರೂಪಾಯಿ ಕೊಡುತ್ತಿದ್ದರು ಎಂದಾಯಿತು. ಲಾಭ ಹೀಗೇ ಇದ್ದಲ್ಲೇ ಇದ್ದರೆ ಹಾಕಿದ ಹಣ ಹುಟ್ಟಲು ಇಪ್ಪತ್ತೆಂಟು ವರ್ಷ. ಅಷ್ಟು ಕಾಯಲು ಯಾರೂ ಒಪ್ಪುವುದಿಲ್ಲ. ಲಾಭ ಬೇಗ ಬೇಗ ಬೆಳೆಯುತ್ತದೆಂಬ ನಂಬಿಕೆಯ ಮೇಲೆಯೇ ಇಷ್ಟು ಕೊಡುವುದು. ನಂಬಿಕೆ ಸಡಿಲವಾದಾಗ 28ರ ಜಾಗದಲ್ಲಿ 21 ಸಾಕೆಂದರು. 145ನ್ನು 21ರಿಂದ ಗುಣಿಸಿ ನೋಡಿ, ಮೂರು ಸಾವಿರದ ನಲವತ್ತೈದು ಬರುತ್ತದೆ. ಆ ದಿನದ ಕುಸಿತ ಅಷ್ಟೇ.

ಫಲಿತಾಂಶ ಬದಲಿಸುವುದು ಮೊದಲ ಅಂಕಿಯನ್ನು. ಆ ದಿನ ಕಂಪೆನಿಯವರು ಮುಂದಿನ ವಿಷಯ ಹೇಳಿದಾಗ ಬದಲಾಗುವುದು ಎರಡನೆಯ ಅಂಕಿ. ಮೊದಲನೆಯದು ನೂರಕ್ಕೆ ಹದಿನೆಂಟು ಏರಿದರೂ, ಎರಡನೆಯದು ನೂರಕ್ಕೆ ಇಪ್ಪತ್ತೈದು ಇಳಿದರೆ ಮೊದಲನೆಯ ಏರಿಕೆ ಉಪಯೋಗಕ್ಕೆ ಬಾರದು. ಅದೂ ಅಲ್ಲದೆ ಆ ಹದಿನೆಂಟು ಆಗಲೇ ಬೆಲೆಯಲ್ಲಿ ಸೇರಿಹೋಗಿತ್ತು. ಪಿ.ಇ. ಎತ್ತರದಲ್ಲಿದ್ದಷ್ಟೂ ಬೀಳಲು ಜಾಗ ಹೆಚ್ಚು. ಹತ್ತರ ಪಿ.ಇ. ಇರುವ ನಿಧಾನದ ಕಂಪೆನಿ ಇಂಥ ಮಾತು ಹೇಳಿದ್ದರೆ ಪೇಟೆ ಇಷ್ಟು ಬೆಚ್ಚುತ್ತಿರಲಿಲ್ಲ, ಏಕೆಂದರೆ ಅದರಿಂದ ಯಾರೂ ಹೆಚ್ಚು ಬಯಸಿರುವುದಿಲ್ಲ.

ಪ್ರಶ್ನೆ: ನಮ್ಮಂಥವರಿಗೆ ಮೊದಲೇ ಸುಳಿವು ಸಿಗುವಂತಿತ್ತೇ?

ಉತ್ತರ: ದಿನ ಯಾವುದು, ಎಷ್ಟು ಬೀಳುತ್ತದೆ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಆದರೆ ಒಂದು ಸುಳಿವು ಲೆಕ್ಕದಲ್ಲೇ ಇತ್ತು, ಅದನ್ನು ನೋಡಲು ಪದವಿ ಬೇಕಿಲ್ಲ. ಮೇಲೆ ಕೊಟ್ಟ ಅಂಕಿಗಳನ್ನೇ ಮತ್ತೊಮ್ಮೆ ನೋಡಿ. ವರಮಾನ ಶೇಕಡಾ 39 ಬೆಳೆದರೆ ಲಾಭ ಬೆಳೆದದ್ದು 18 ಚಿಲ್ಲರೆ. ನೂರು ರೂಪಾಯಿ ವರಮಾನದಲ್ಲಿ ಮೊದಲಿನ ವರ್ಷ 31 ರೂಪಾಯಿ ಉಳಿಯುತ್ತಿತ್ತು, ಈ ವರ್ಷ ಉಳಿದದ್ದು 26 ಚಿಲ್ಲರೆ. ಕೆಲಸ ಹೆಚ್ಚಾಗಿದೆ, ಆದರೆ ಪ್ರತಿ ಕೆಲಸದಲ್ಲಿ ಉಳಿಯುವುದು ಕಡಿಮೆಯಾಗಿದೆ. ಅಮೆರಿಕದ ಗಿರಾಕಿಗಳು ಆಗ ದರ ಇಳಿಸಲು ಒತ್ತಾಯಿಸುತ್ತಿದ್ದರು, ಕೆಲಸಗಾರರ ಮತ್ತು ಮಾರಾಟದ ಖರ್ಚು ಬೆಳೆಯುತ್ತಿತ್ತು. ಇದು ಏಪ್ರಿಲ್ ಹತ್ತರಂದು ಹುಟ್ಟಿದ್ದಲ್ಲ, ವರ್ಷದ ತ್ರೈಮಾಸಿಕ ಲೆಕ್ಕಗಳಲ್ಲಿ ಕಾಣುತ್ತಲೇ ಇತ್ತು. ಕೊಯಿಲು ಜಾಸ್ತಿಯಾಗಿದ್ದರೂ ಗೊನೆ ಇಳಿಸುವ, ಸುಲಿಯುವ, ಬೇಯಿಸುವ ಕೂಲಿ ಅದಕ್ಕಿಂತ ಜಾಸ್ತಿಯಾದರೆ ಮನೆಗೆ ಬರುವುದೆಷ್ಟು ಎಂಬುದು ನಿಮಗೆ ನಾವು ಹೇಳಬೇಕಾದ ವಿಷಯವಲ್ಲ.

ಕಂಪೆನಿಗಳು ಪ್ರತಿ ಮೂರು ತಿಂಗಳಿಗೊಮ್ಮೆ ಫಲಿತಾಂಶದ ತಃಖ್ತೆ ಪ್ರಕಟಿಸಬೇಕು. ಮೂರು ತಿಂಗಳು ಮುಗಿದ 45 ದಿನಗಳೊಳಗೆ, ವರ್ಷದ್ದಾದರೆ 60 ದಿನಗಳೊಳಗೆ ಅದು ಹೊರಬರುತ್ತದೆ. ತಃಖ್ತೆಯಲ್ಲಿ ಈ ತ್ರೈಮಾಸಿಕ, ಇದರ ಹಿಂದಿನದು, ಹೋದ ವರ್ಷದ ಇದೇ ತ್ರೈಮಾಸಿಕ ಎಂದು ಪಕ್ಕಪಕ್ಕದಲ್ಲೇ ಅಂಕಣಗಳಿರುತ್ತವೆ. ವರಮಾನದ ಸಾಲು ಎಷ್ಟು ಬೆಳೆದಿದೆ, ಲಾಭದ ಸಾಲು ಎಷ್ಟು ಬೆಳೆದಿದೆ ಎಂದು ಮೊದಲು ನೋಡಿ. ಲಾಭದ್ದು ಬಹಳ ಹಿಂದೆ ಬಿದ್ದಿದ್ದರೆ ಮೇಲಿನ ಕಥೆ.

ಇದಕ್ಕೆ ವಿರುದ್ಧವಾದುದೂ ಉಂಟು. ವರಮಾನ ಇದ್ದಲ್ಲೇ ಇದ್ದು ಲಾಭ ಮಾತ್ರ ಜಿಗಿದಿದ್ದರೆ, "ಇತರ ಆದಾಯ" ಮತ್ತು "ಅಸಾಧಾರಣ ಬಾಬು" ಎಂಬ ಸಾಲುಗಳ ಮೇಲೆ ಬೆರಳಿಡಿ. ಜಾಗ ಮಾರಿದ್ದೋ, ಹಳೆಯ ತೆರಿಗೆ ವಾಪಸು ಬಂದದ್ದೋ ಅಲ್ಲಿ ಸಿಕ್ಕೀತು. ತೋಟದಲ್ಲಿದ್ದ ಹಲಸಿನ ಮರ, ಸಿಲ್ವರ್ ಓಕ್ ಕಡಿದು ಮಾರಿದ ವರ್ಷದ ಜಮೆಯನ್ನು ಅಡಿಕೆಯ ಜಮೆಯೆಂದು ಯಾರೂ ಹೇಳುವುದಿಲ್ಲ. ಮರುವರ್ಷ ಕಡಿಯಲು ಆ ಮರ ಇರುವುದಿಲ್ಲ. ಪತ್ರಿಕೆಯ ತಲೆಬರಹದಲ್ಲಿ ಮಾತ್ರ "ಲಾಭ ದುಪ್ಪಟ್ಟು" ಎಂದು ಬಂದಿರುತ್ತದೆ, ಬೆಲೆ ಇಳಿದಿರುತ್ತದೆ, ಹೊಸಬರು ಕಂಗಾಲಾಗಿರುತ್ತಾರೆ.

ಇನ್ನೊಂದು ನೋಟ ತಃಖ್ತೆಯ ಹೊರಗಿನದು: ಫಲಿತಾಂಶಕ್ಕೆ ಮುಂಚಿನ ಎರಡು ಮೂರು ತಿಂಗಳಲ್ಲಿ ಬೆಲೆ ಎಷ್ಟು ಏರಿದೆ? ಯಾವ ಹೊಸ ವಿಷಯವೂ ಇಲ್ಲದೆ ಶೇಕಡಾ ಇಪ್ಪತ್ತು ಮೂವತ್ತು ಏರಿದ್ದರೆ, ಒಳ್ಳೆಯ ಸುದ್ದಿಯ ಕ್ರಯ ಆಗಲೇ ಸಂದಾಯವಾಗಿದೆ ಎಂದು ತಿಳಿಯಬಹುದು. ಮೊದಲೇ ಕೊಂಡವರು ಸುದ್ದಿ ಬಂದ ದಿನ ಮಾರಿ ಹೊರಗೆ ಹೋಗುತ್ತಾರೆ, ಆ ದಿನ ಕೊಳ್ಳುವವರು ಸಾಮಾನ್ಯವಾಗಿ ನಮ್ಮಂಥವರು.

ಪ್ರಶ್ನೆ: ಒಳಗಿನವರಿಗೆ ಮೊದಲೇ ಗೊತ್ತಿದ್ದು ಮಾರುತ್ತಾರೆ, ಆದ್ದರಿಂದ ಇಳಿಯುತ್ತದೆ ಎನ್ನುತ್ತಾರಲ್ಲ?

ಉತ್ತರ: ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಹೊರಬಿದ್ದು 48 ಗಂಟೆಯಾಗುವವರೆಗೆ ಕಂಪೆನಿಯ ನಿರ್ದೇಶಕರು ಮತ್ತು ಲೆಕ್ಕ ಬಲ್ಲ ನೌಕರರು ಆ ಷೇರನ್ನು ಕೊಳ್ಳುವ, ಮಾರುವ ಹಾಗಿಲ್ಲವೆಂದು ಸೆಬಿಯ ನಿಯಮವಿದೆ. ನಿಯಮ ಮೀರುವವರು ಇಲ್ಲವೆಂದು ನಾವು ಹೇಳುವುದಿಲ್ಲ, ಸೆಬಿ ದಂಡ ಹಾಕಿದ ಪ್ರಕರಣಗಳು ಉಂಟು. ಆದರೆ ಪ್ರತಿ ಕುಸಿತಕ್ಕೂ ಕಳ್ಳನನ್ನು ಹುಡುಕಬೇಕಾಗಿಲ್ಲ. ಇನ್ಫೋಸಿಸ್‌ನ ಉದಾಹರಣೆಯಲ್ಲಿ ಬೆಲೆ ಬಿದ್ದದ್ದು ಎಲ್ಲರ ಎದುರಿಗೆ ಹೇಳಿದ ಮಾತಿಗೆ.

ಪ್ರಶ್ನೆ: ಆಮೇಲೆ ಆ ಷೇರು ಏನಾಯಿತು? ಒಳ್ಳೆಯ ಕಂಪೆನಿ ಹೀಗೆ ಇಳಿದಾಗ ಕೊಳ್ಳುವುದು ಜಾಣತನವಲ್ಲವೇ?

ಉತ್ತರ: 2003-04ರಲ್ಲಿ ಇನ್ಫೋಸಿಸ್ ತಾನು ಹೇಳಿದ್ದಕ್ಕಿಂತ ಬಹಳ ಚೆನ್ನಾಗಿ ನಡೆಯಿತು. ನಿವ್ವಳ ಲಾಭ ಸುಮಾರು 1,244 ಕೋಟಿ, ಅಂದರೆ ಹತ್ತಿರ ಹತ್ತಿರ ಶೇಕಡಾ 30ರ ಹೆಚ್ಚಳ. 2004ರಲ್ಲಿ ಒಂದು ಷೇರಿಗೆ ಮೂರು ಬೋನಸ್ ಷೇರು ಘೋಷಿಸಿತು. ಅಷ್ಟು ಹೊತ್ತಿಗೆ ಬಿದ್ದ ಬೆಲೆಯೂ ಎದ್ದು ನಿಂತಿತ್ತು. ಏಪ್ರಿಲ್ ಹತ್ತರಂದು ಹೆದರಿ ಮಾರಿದವರು ನೊಂದರು. ಪೇಟೆ ಅಂದು ಅತಿಯಾಗಿ ಹೆದರಿತ್ತೆಂದು ಈಗ ಕುಳಿತು ಹೇಳುವುದು ಸುಲಭ.

ಆದರೆ ಇದನ್ನೇ ಪಾಠವೆಂದು ಹಿಡಿದು, ಇಳಿದದ್ದನ್ನೆಲ್ಲ ಕೊಳ್ಳಲು ಹೊರಡಬೇಡಿ. ನಮ್ಮವರಿಗೆ ಎರಡು ರೋಗಗಳ ಅಂತರ ಗೊತ್ತಿದೆ. ಕೊಳೆರೋಗ ಬಂದ ವರ್ಷ ಕಾಯಿ ಉದುರಿ ಅಂಗಳ ಬರಿದಾಗುತ್ತದೆ, ನೋಡಲು ಭಯಂಕರ. ಮಳೆ ಬಿಟ್ಟು ಬೋರ್ಡೋ ಸಿಂಪಡಣೆ ಸಕಾಲಕ್ಕೆ ಆದರೆ ಮರುವರ್ಷ ಮರ ಮತ್ತೆ ಕೊಡುತ್ತದೆ. ಶೃಂಗೇರಿ, ಕೊಪ್ಪ ಸೀಮೆಯವರು ಕಂಡ ಹಳದಿ ಎಲೆ ರೋಗ ಹಾಗಲ್ಲ. ಮೊದಲ ವರ್ಷಗಳಲ್ಲಿ ಕೊಯಿಲು ತೀರ ಕೆಡುವುದಿಲ್ಲ, ಸೋಗೆಯ ತುದಿ ಹಳದಿಯಾಗುತ್ತದೆ ಅಷ್ಟೆ. ಆದರೆ ತೋಟ ಹಿಂದಿನಂತಾಗುವುದಿಲ್ಲ. ಬೆಲೆ ಇಳಿದ ಕಂಪೆನಿಗೆ ಬಂದದ್ದು ಇವೆರಡರಲ್ಲಿ ಯಾವುದು ಎಂಬುದೇ ಕೇಳಬೇಕಾದ ಪ್ರಶ್ನೆ.

ತಿಳಿಯುವ ಬಗೆ ಪೂರ್ಣವಲ್ಲ, ಆದರೂ ಸ್ವಲ್ಪ ಇದೆ. ಇಳಿತಕ್ಕೆ ಕಂಪೆನಿಯವರು ಹೇಳಿದ ಕಾರಣ ಒಂದು ವರ್ಷದಲ್ಲಿ ಮುಗಿಯುವಂಥದ್ದೋ? ಕಚ್ಚಾ ಮಾಲಿನ ಬೆಲೆ ಏರಿದ್ದು, ಒಂದು ದೊಡ್ಡ ಖರೀದಿ ಮುಂದಕ್ಕೆ ಹೋದದ್ದು, ಹೊಸ ಕಾರ್ಖಾನೆಯ ಆರಂಭದ ಖರ್ಚು, ಇವು ಕೊಳೆರೋಗದ ಜಾತಿ. ಗಿರಾಕಿಗಳು ಬೇರೆ ಕಡೆಗೆ ಹೋಗುತ್ತಿರುವುದು, ಲಾಭ ತೋರಿಸಿದರೂ ನಗದು ಕೈಗೆ ಬಾರದೆ ಬಾಕಿ ಬೆಳೆಯುತ್ತಿರುವುದು, ಸಾಲ ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಏರುತ್ತಿರುವುದು, ಇವು ಇನ್ನೊಂದರ ಜಾತಿ. ಅನುಮಾನವಿದ್ದರೆ ಮುಂದಿನ ಎರಡು ತಃಖ್ತೆಗಳವರೆಗೆ ಕಾಯುವುದರಿಂದ ಹೋಗುವುದು ಸ್ವಲ್ಪ ಲಾಭ ಮಾತ್ರ. ಫಸಲು ಸಾಲ ತೆಗೆದು ಇಂಥ ಷೇರು ಕೊಂಡವರಿಗೆ ಮಾತ್ರ ಕಾಯುವ ಅನುಕೂಲವಿರುವುದಿಲ್ಲ, ಕಂತಿನ ದಿನ ಬಂದಾಗ ಇದ್ದ ಬೆಲೆಗೆ ಮಾರಬೇಕಾಗುತ್ತದೆ.

ಪ್ರಶ್ನೆ: "ಸ್ಟಾಪ್ ಲಾಸ್" ಹಾಕಿಟ್ಟರೆ ಭಯವಿಲ್ಲ ಎಂದು ಮಗ ಹೇಳುತ್ತಾನೆ. ನಿಜವೇ?

ಉತ್ತರ: ನಿಧಾನವಾಗಿ ಇಳಿಯುವಾಗ ನಿಜ. ಬೆಲೆ ನೂರರಿಂದ ತೊಂಬತ್ತಕ್ಕೆ ಬಂದರೆ ತಾನಾಗಿ ಮಾರಿಬಿಡು ಎಂಬ ಅಪ್ಪಣೆ ಅದು. ಫಲಿತಾಂಶದ ಮರುದಿನ ಬೆಳಿಗ್ಗೆ ಪೇಟೆ ತೆರೆಯುವುದೇ ಎಂಬತ್ತಕ್ಕಾದರೆ, ಎಂಬತ್ತಕ್ಕೆ ಮಾರಾಟವಾಗುತ್ತದೆ, ತೊಂಬತ್ತಕ್ಕಲ್ಲ. ಇದಕ್ಕಿಂತ ಕಡಿಮೆಗೆ ಮಾರಬೇಡವೆಂದು ಮಿತಿ ಹಾಕಿದ್ದರೆ ಮಾರಾಟವೇ ಆಗದೆ ಷೇರು ನಿಮ್ಮಲ್ಲೇ ಉಳಿಯುತ್ತದೆ.

ಚಿಕ್ಕ ಕಂಪೆನಿಗಳಲ್ಲಿ ಇನ್ನೊಂದು ತೊಡಕು. ಅವುಗಳಲ್ಲಿ ಬಹುಪಾಲಿನ ಬೆಲೆ ಒಂದು ದಿನದಲ್ಲಿ ಇಂತಿಷ್ಟೇ ಏರಿಳಿಯಬಹುದೆಂಬ ಕಟ್ಟುಪಾಡು ಇರುತ್ತದೆ, ಕೆಲವಕ್ಕೆ ಶೇಕಡಾ 5, ಕೆಲವಕ್ಕೆ 10 ಅಥವಾ 20. ಕೆಳಗಿನ ಮಿತಿ ಮುಟ್ಟಿದ ಮೇಲೆ ಮಾರುವವರ ಸಾಲು ಉದ್ದವಾಗಿರುತ್ತದೆ, ಕೊಳ್ಳುವವನೇ ಇರುವುದಿಲ್ಲ. ಮರುದಿನ ಮತ್ತೆ ಅಷ್ಟು ಇಳಿದು ಮತ್ತೆ ನಿಲ್ಲುತ್ತದೆ. ಹೀಗೆ ನಾಲ್ಕೈದು ದಿನ ಮಾರಲಾಗದೆ ಕುಳಿತವರು ನಮ್ಮ ಸದಸ್ಯರಲ್ಲೇ ಇದ್ದಾರೆ. ಆದುದರಿಂದ ಫಲಿತಾಂಶದ ವಾರದಲ್ಲಿ ಇಂಥ ಷೇರು ಕೈಯಲ್ಲಿಟ್ಟುಕೊಳ್ಳುವುದಾದರೆ, ಕೂಲಿ ಬಟವಾಡೆಗೋ ಗೊಬ್ಬರಕ್ಕೋ ಆ ತಿಂಗಳು ಬೇಕಾಗುವ ಹಣ ಅದರೊಳಗೆ ಇರದಂತೆ ಮೊದಲೇ ನೋಡಿಕೊಳ್ಳಬೇಕು. ಮುಂದಿನ ಫಲಿತಾಂಶದ ದಿನಾಂಕವನ್ನು ಕಂಪೆನಿಗಳು ಷೇರು ವಿನಿಮಯ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಿರುತ್ತವೆ. ಖಾತೆ ನೋಡಿಕೊಳ್ಳುವ ಮಗನಿಗೆ ಹೇಳಿ ಆ ದಿನಾಂಕಗಳನ್ನು ಪಂಚಾಂಗದ ಪಕ್ಕದಲ್ಲಿ ಗುರುತು ಹಾಕಿಸಿಕೊಳ್ಳಿ.